ಆರನೇ ಸ್ಲೈಡಿಗೆ ಬಂದಾಗ ದನಿ ಬದಲಾಗುತ್ತದೆ: ಇಬ್ಬರು ಕೂಡಿ ಬರೆದ ಕ್ಯಾರೊಸೆಲ್‌ನ ದೋಷ ಹುಡುಕುವುದು ಹೇಗೆ

ನಾನು ಬಾಗಲಕೋಟೆ ನವನಗರದಲ್ಲಿ ಇರುತ್ತೇನೆ. ನನ್ನ ಜೊತೆ ಬರೆಯುವ ಅಕ್ಕ ಇಳಕಲ್‌ನಲ್ಲಿದ್ದಾರೆ. ಅವರು ಶಾಲೆಯಲ್ಲಿ ಕಲಿಸುತ್ತಾರೆ, ಅವರ ಅತ್ತೆಮನೆಯಲ್ಲಿ ಮಗ್ಗ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ಇಬ್ಬರದೂ ಬೇರೆ ಬೇರೆ ಪುಟ. ಇಳಕಲ್ ಸೀರೆಯ ಬಗ್ಗೆ ಹತ್ತು ಸ್ಲೈಡಿನ ಒಂದು ಕ್ಯಾರೊಸೆಲ್, ಅಂದರೆ ಬೆರಳಿನಿಂದ ಸರಿಸುತ್ತ ನೋಡುವ ಹಲವು ಚಿತ್ರದ ಒಂದೇ ಪೋಸ್ಟ್, ಕೂಡಿ ಮಾಡೋಣ ಅಂತ ಹೊರಟೆವು. ಒಂದರಿಂದ ಐದು ನನಗೆ, ಆರರಿಂದ ಹತ್ತು ಅಕ್ಕನಿಗೆ. ಲೆಕ್ಕ ಸರಿಯಾಗಿಯೇ ಇತ್ತು, ಅಲ್ವಾ? ಆದರೆ ಕೂಡಿಸಿದ ಮೇಲೆ ಎರಡು ದೋಷ ಕಂಡವು. ಒಂದು ಪೋಸ್ಟ್ ಹಾಕುವ ಮೊದಲೇ ಕಂಡಿತು. ಇನ್ನೊಂದು ಪೋಸ್ಟ್ ಹಾಕಿ ಎರಡು ವಾರ ಆದ ಮೇಲೆ ಗೊತ್ತಾಯಿತು. ಎರಡನ್ನೂ ಹೇಗೆ ಹಿಡಿದೆವು, ಹೇಗೆ ಸರಿ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೋಷ ಹೇಗೆ ಕಾಣಿಸುತ್ತದೆ

ಸ್ಲೈಡುಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸುತ್ತ ಓದಿದೆ. ಐದರ ತನಕ ಬೆರಳು ಸಲೀಸಾಗಿ ಹೋಯಿತು. ಆರಕ್ಕೆ ನಿಂತಿತು. ತಪ್ಪು ಅನ್ನುವಂಥದ್ದು ಏನೂ ಇರಲಿಲ್ಲ. ಮಾಹಿತಿ ಸರಿ, ಕಾಗುಣಿತ ಸರಿ. ಆದರೂ ಮತ್ತೆ ಮೊದಲಿಂದ ಓದಬೇಕು ಅನ್ನಿಸಿತು. ಅಕ್ಕನಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು: "ಹೌದವಾ, ಆರಕ್ಕ ಬಂದ್ರ ಬ್ಯಾರೆ ಊರಿಗೆ ಬಂದಂಗ ಆಗತೈತಿ."

ನಾವು ಮೊದಲು ಅನುಮಾನಪಟ್ಟದ್ದು ವಿನ್ಯಾಸವನ್ನು. ಅಕ್ಕ ಅವರ ಫೋನಿನಲ್ಲಿ ಟೈಪ್ ಮಾಡಿದ್ದರು, ನಾನು ನನ್ನ ಲ್ಯಾಪ್‌ಟಾಪಿನಲ್ಲಿ. ಎರಡು ಫಾಂಟ್, ಎರಡು ಅಳತೆ. ಒತ್ತಕ್ಷರ ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿಗೆ ತಾಗುವುದೂ ಕೆಲವು ಕಡೆ ಇತ್ತು. ಅದನ್ನು ಸರಿ ಮಾಡುವುದು ಸುಲಭ. ಎಲ್ಲ ಸ್ಲೈಡಿಗೂ ಒಂದೇ ಫಾಂಟ್ ಇಡಬೇಕು, ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಜಾಸ್ತಿ ಜಾಗ ಬಿಡಬೇಕು, ಅಳತೆ 1080×1350 ಇರಬೇಕು. ಶಾಲೆ, ಕಚೇರಿಗಳಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಒಂದು ಮಾತು ನೆನಪಿಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನ ಬರಹವನ್ನು ತಂದು ಅಂಟಿಸಿದರೆ ಅಕ್ಷರದ ಜಾಗದಲ್ಲಿ ಬೇರೇನೋ ಬರುತ್ತದೆ.

ಇಷ್ಟೆಲ್ಲ ಮಾಡಿದೆವು. ಬೆರಳು ಆರರಲ್ಲೇ ನಿಂತಿತು. ಅಂದರೆ ದೋಷ ಬರಹದಲ್ಲೇ ಇದೆ ಅಂತಾಯಿತು. ನಿಮಗೂ ಇಂಥ ಅನುಮಾನ ಬಂದರೆ ಎಲ್ಲ ಸ್ಲೈಡಿನ ಬರಹವನ್ನು ಚಿತ್ರದಿಂದ ಹೊರಗೆ ತೆಗೆದು, ಒಂದೇ ಕಡತದಲ್ಲಿ ಬರೀ ಅಕ್ಷರವಾಗಿ ಇಟ್ಟು ಓದಿ. ಅಲ್ಲಿ ತೊಡಕು ಹೋದರೆ ವಿನ್ಯಾಸದ ದೋಷ. ಉಳಿದರೆ ದನಿಯದು, ಅಂದರೆ ಬರೆಯುವ ಧಾಟಿಯದು.

ಚೀಟಿ ಪರೀಕ್ಷೆ

ಬರೆದವರಿಗೆ ತಮ್ಮ ದನಿ ತಮಗೆ ಕೇಳುವುದಿಲ್ಲ. ಮೂರನೆಯವರು ಬೇಕು. ನಾನು ಹತ್ತು ಸ್ಲೈಡಿನ ಬರಹವನ್ನು ಹತ್ತು ಚೀಟಿಗಳಲ್ಲಿ ಒಂದೇ ಅಕ್ಷರದಲ್ಲಿ ಮುದ್ರಿಸಿಕೊಂಡೆ. ಸ್ಲೈಡಿನ ಸಂಖ್ಯೆ ಹಾಕಲಿಲ್ಲ. ಕಲೆಸಿ ನಮ್ಮ ವೈನಿಯ, ಅಂದರೆ ಅತ್ತಿಗೆಯ ಮುಂದೆ ಇಟ್ಟೆ. ಅವರಿಗೆ ನಾನೂ ಗೊತ್ತು, ಅಕ್ಕನೂ ಗೊತ್ತು. "ಯಾವುದು ಯಾರು ಬರೆದದ್ದು, ಎರಡು ಗುಂಪು ಮಾಡ್ರಿ" ಅಂದೆ. ಒಬ್ಬೊಬ್ಬರದು ಎಷ್ಟೆಷ್ಟು ಅಂತ ಹೇಳಲಿಲ್ಲ.

ಸುಮ್ನೆ ಊಹೆ ಮಾಡಿದರೂ ಹತ್ತರಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಸರಿ ಬೀಳುತ್ತವೆ. ಹಾಗಾಗಿ ಎಂಟು ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ದನಿ ಒಡೆದಿದೆ ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ವೈನಿ ಒಂಬತ್ತು ಸರಿ ಮಾಡಿದರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಈ ಪರೀಕ್ಷೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಭಾಗ ಒಂದಿದೆ. ಅಂಕ ಎಷ್ಟು ಬಂತು ಅನ್ನುವುದರ ಜೊತೆಗೆ, ಪ್ರತಿ ಚೀಟಿಗೂ "ಹೆಂಗ ಗೊತ್ತಾತು?" ಅಂತ ಕೇಳಲೇಬೇಕು. ಯಾಕೆಂದರೆ ಕೆಲವು ಸಲ ಓದುವವರು ದನಿಯಿಂದ ಗುರುತಿಸುವುದಿಲ್ಲ, ವಿಷಯದಿಂದ ಗುರುತಿಸುತ್ತಾರೆ. ಮಗ್ಗದಲ್ಲಿ ಅಡ್ಡ ಎಳೆ ಓಡಿಸುವ ಲಾಳಿಯ ಬಗ್ಗೆ ಇದ್ದ ಚೀಟಿಗೆ ವೈನಿ ಹೇಳಿದ ಕಾರಣ "ಮಗ್ಗದ ಮಾತು ಅಕ್ಕಾರಿಗೇ ಗೊತ್ತಿರತೈತಲ್ಲ" ಅಂತ. ಅದು ದೋಷವಲ್ಲ. ಆ ಚೀಟಿಯನ್ನು ಲೆಕ್ಕದಿಂದ ತೆಗೆದೆವು. ಇಂಥವು ಎರಡು ಇದ್ದವು. ಉಳಿದ ಎಂಟರಲ್ಲಿ ಏಳು ಸರಿ. ದೋಷ ದೋಷವೇ.

ಮಿಕ್ಕ ಚೀಟಿಗಳಿಗೆ ಅವರು ಕೊಟ್ಟ ಕಾರಣವೇ ನಮಗೆ ಕೀಲಿಯಾಯಿತು. "ಇವು ಸಾಲಿ ಪುಸ್ತಕದಾಗಿನು ಇದ್ದಂಗ ಅದಾವ. ಇವು ಅಂಗಡ್ಯಾಗ ಕುಂತು ಮಾತಾಡಿದಂಗ ಅದಾವ." ಪುಸ್ತಕದ್ದು ಅಕ್ಕನದು, ಅಂಗಡಿಯದು ನನ್ನದು.

ಐದು ಮತ್ತು ಆರು, ಪಕ್ಕಪಕ್ಕ ಇಟ್ಟು

ಒಡೆದ ಜಾಗವನ್ನು ಹತ್ತಿರದಿಂದ ನೋಡೋಣ. ನಾನು ಬರೆದ ಐದನೇ ಸ್ಲೈಡ್ ಹೀಗಿತ್ತು:

"ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಯಾವ ಬಣ್ಣ ಇದೆ?"

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆ. ಅಕ್ಕನ ಆರನೇ ಸ್ಲೈಡ್:

"ಮೈ ಭಾಗದ ಹಾಸು ಎಳೆಗಳು ಹಾಗೂ ಪಲ್ಲು ಭಾಗದ ಹಾಸು ಎಳೆಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿಕೊಂಡು, ನಂತರ ಅವುಗಳನ್ನು ಸಾಲು ಸಾಲು ಕುಣಿಕೆಗಳ ಮೂಲಕ ಪರಸ್ಪರ ಜೋಡಿಸಲಾಗುತ್ತದೆ."

ನನ್ನದರಲ್ಲಿ ಆರಾರು ಪದದ ಎರಡು ವಾಕ್ಯ. ಅಕ್ಕನದರಲ್ಲಿ ಹತ್ತೊಂಬತ್ತು ಪದದ ಒಂದೇ ವಾಕ್ಯ. ಇದು ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸ. ಆದರೆ ಉದ್ದವೇ ಮುಖ್ಯ ಕಾರಣ ಅಲ್ಲ ಅಂತ ನನಗೆ ಅನ್ನಿಸುತ್ತದೆ. ನಿಜವಾದ ಒಡಕು ಕೊನೆಯ ಪದದಲ್ಲಿದೆ. 'ಜೋಡಿಸಲಾಗುತ್ತದೆ' ಅಂದಾಗ ಜೋಡಿಸುವವರು ಮಾಯವಾಗುತ್ತಾರೆ. ಐದನೇ ಸ್ಲೈಡಿನಲ್ಲಿ ಓದುವವರ ಅಜ್ಜಿ ಇದ್ದಾರೆ. ಆರನೆಯದರಲ್ಲಿ ಯಾರೂ ಇಲ್ಲ. ಮನುಷ್ಯರು ಇದ್ದ ಕೋಣೆಯಿಂದ ಖಾಲಿ ಕೋಣೆಗೆ ಬಂದ ಹಾಗೆ. ಬೇರೆ ಊರಿಗೆ ಬಂದಂಗ ಅಂತ ಅಕ್ಕ ಅಂದದ್ದು ಇದನ್ನೇ.

ನನಗೆ ಇದು ವಿಚಿತ್ರ ಅನ್ನಿಸಿತು. ಯಾಕೆಂದರೆ ಅಕ್ಕ ಆ ಕೆಲಸವನ್ನು ದಿನಾ ಕಣ್ಣಾರೆ ನೋಡುವವರು. ಹಳೆಯ ವಾಟ್ಸಾಪ್ ತೆಗೆದು, ಬರೆಯುವ ಮೊದಲು ಅವರು ನನಗೆ ಕಳಿಸಿದ್ದ ಧ್ವನಿ ಸಂದೇಶ ಕೇಳಿದೆ. ಅದರಲ್ಲಿ ಅವರು ಹೀಗೆ ಹೇಳಿದ್ದರು: "ನಮ್ಮ ಅತ್ತಿಯವರು ಒಂದೊಂದ ಎಳಿ ಹಿಡದು ಕುಣಿಕಿ ಹಾಕ್ತಾರವಾ. ನಡಕ ಮಾತಾಡ್ಸಿದ್ರ ಬೈತಾರ."

ಎಷ್ಟು ಚಂದದ ಮಾತು! ಅದೇ ಮಾತು ಬರೆಯಲು ಕುಳಿತಾಗ 'ಪರಸ್ಪರ ಜೋಡಿಸಲಾಗುತ್ತದೆ' ಆಗಿಬಿಟ್ಟಿತ್ತು. ಅಂದರೆ ಅಕ್ಕನ ದನಿಯೂ ನನ್ನ ದನಿಯೂ ಅಷ್ಟೇನೂ ದೂರ ಇರಲಿಲ್ಲ. ಮಾತಾಡುವಾಗ ಹತ್ತಿರ ಇದ್ದೆವು. ಬರೆಯುವಾಗ ಅವರು ಪಾಠದ ಕಡೆಗೆ ವಾಲಿದರು, ನಾನು ಜಾಹೀರಾತಿನ ಕಡೆಗೆ ವಾಲಿದೆ. ನನ್ನ ಐದೂ ಸ್ಲೈಡಿನ ಕೊನೆಗೆ ಪ್ರಶ್ನೆ ಇತ್ತು. ಅದೂ ಒಂದು ದೋಷವೇ, ನನಗೆ ಮಾತ್ರ ಕಂಡಿರಲಿಲ್ಲ.

ಇದರಿಂದ ನಮ್ಮ ಮೊದಲ ರಿಪೇರಿ ಸಿಕ್ಕಿತು. ಈಗ ಯಾವ ಸ್ಲೈಡನ್ನೂ ನೇರವಾಗಿ ಬರೆಯುವುದಿಲ್ಲ. ಯಾರಿಗೆ ಆ ವಿಷಯ ಗೊತ್ತೋ ಅವರು ಇನ್ನೊಬ್ಬರಿಗೆ ಧ್ವನಿ ಸಂದೇಶ ಕಳಿಸುತ್ತಾರೆ, ಒಂದು ಸ್ಲೈಡಿಗೆ ಅರ್ಧ ನಿಮಿಷದಷ್ಟು. ಕೇಳಿದವರು ಅದನ್ನು ಬರಹಕ್ಕೆ ಇಳಿಸುತ್ತಾರೆ. ಅಂದರೆ ಪ್ರತಿ ಸ್ಲೈಡೂ ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕೈಯಿಂದ ಬರುತ್ತದೆ. ಆರನೇ ಸ್ಲೈಡ್ ಹೀಗೆ ಬದಲಾಯಿತು:

"ಮೈಯ ಹಾಸು ಒಂದು. ಸೆರಗಿನ ಹಾಸು ಇನ್ನೊಂದು. ನೇಕಾರರು ಎರಡನ್ನೂ ಬೇರೆ ಬೇರೆ ಸಿದ್ಧ ಮಾಡುತ್ತಾರೆ. ಆಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ."

ಎಣಿಸಿ ನೋಡಿ, ಹದಿನೆಂಟು ಪದ. ಮೊದಲಿಗಿಂತ ಒಂದೇ ಕಡಿಮೆ. ಬರಹ ಚಿಕ್ಕದು ಮಾಡಿದ್ದಕ್ಕೆ ದೋಷ ಹೋದದ್ದಲ್ಲ. ಒಂದು ವಾಕ್ಯ ನಾಲ್ಕಾಯಿತು, ನೇಕಾರರು ಒಳಗೆ ಬಂದರು, ಅಷ್ಟೇ.

ಹೆಸರುಗಳ ಜಗಳ

ನಾನು 'ಸೆರಗು' ಅಂತ ಬರೆದಿದ್ದೆ, ಅಕ್ಕ 'ಪಲ್ಲು' ಅಂತ. ನಾನು 'ಬಾರ್ಡರ್' ಅಂತ ಬರೆದಿದ್ದೆ, ಅವರು 'ದಡಿ' ಅಂತ. ಗೊತ್ತಿದ್ದವರಿಗೆ ಇದು ಏನೂ ಅಲ್ಲ. ಆದರೆ ಮೈಸೂರು ಕಡೆಯ ಒಬ್ಬ ಓದುಗರಿಗೆ ಸೆರಗು, ಪಲ್ಲು ಎರಡು ಬೇರೆ ಭಾಗ ಇರಬಹುದಾ ಅನ್ನಿಸಬಹುದು. ಮೈ ಬೇರೆ, ಸೆರಗು ಬೇರೆ ಅಂತ ಹೇಳುವುದೇ ಈ ಕ್ಯಾರೊಸೆಲ್‌ನ ಕೆಲಸ. ಅಲ್ಲಿಯೇ ಹೆಸರು ಎರಡಾದರೆ ಇಡೀ ವಿಷಯ ಕೈತಪ್ಪುತ್ತದೆ.

ಇನ್ನೂ ತೊಡಕಿನದು ಸೆರಗಿನ ಹೆಸರು. ಇಳಕಲ್ ಸೆರಗಿನ ಆ ಕೆಂಪು ಬಿಳಿ ವಿನ್ಯಾಸಕ್ಕೆ 'ತೋಪು ತೆನಿ' ಅನ್ನುವವರೂ ಇದ್ದಾರೆ, 'ಟೋಪಿ ತೆನಿ' ಅನ್ನುವವರೂ ಇದ್ದಾರೆ. ತೆನಿ ಅಂದರೆ ಜೋಳದ ತೆನೆ. ಎರಡೂ ಬಳಕೆಯಲ್ಲಿವೆ. ನಮ್ಮ ಎಂಟನೇ ಸ್ಲೈಡಿನಲ್ಲಿ ಒಂದು ರೂಪ, ಕ್ಯಾಪ್ಶನ್ನಿನಲ್ಲಿ ಇನ್ನೊಂದು ರೂಪ ಇತ್ತು. ಯಾವುದು ಸರಿ ಅಂತ ಹೊಡೆದಾಡುವುದರಲ್ಲಿ ಅರ್ಥವಿಲ್ಲ. ಒಂದನ್ನು ಹಿಡಿಯಬೇಕು. ಅಕ್ಕನ ಮನೆಯಲ್ಲಿ ಏನನ್ನುತ್ತಾರೋ ಅದನ್ನೇ ಇಟ್ಟುಕೊಂಡೆವು. ತೋಪು ತೆನಿ.

ಈಗ ಬರೆಯುವ ಮೊದಲು ಇಬ್ಬರೂ ಕೂಡಿ ಒಂದು ಪುಟದ ಪದಪಟ್ಟಿ ಮಾಡುತ್ತೇವೆ. ಈ ಕ್ಯಾರೊಸೆಲ್‌ಗೆ ಅದರಲ್ಲಿ ಇದ್ದವು ಏಳೇ ಪದ: ಸೆರಗು, ದಡಿ, ಹಾಸು, ಹೊಕ್ಕು, ಲಾಳಿ, ಕುಣಿಕೆ, ತೋಪು ತೆನಿ. ಊರಿನ ಹೆಸರೂ ಸೇರಿಸಿದೆವು, ಯಾಕೆಂದರೆ ನಾನು 'ಇಳಕಲ್' ಅಂತ ಬರೆದರೆ ಅಕ್ಕ 'ಇಲಕಲ್ಲ' ಅಂತ ಬರೆಯುತ್ತಿದ್ದರು. ಕಡತದಲ್ಲಿ ಹುಡುಕುವ ಸೌಲಭ್ಯ ಇರುತ್ತದಲ್ಲ, ಅದರಲ್ಲಿ 'ಪಲ್ಲು', 'ಬಾರ್ಡರ್' ಅಂತ ಹಾಕಿ ಹುಡುಕಿದರೆ ತಪ್ಪಿಸಿಕೊಂಡದ್ದು ಒಂದೇ ನಿಮಿಷದಲ್ಲಿ ಸಿಗುತ್ತದೆ. ಇದನ್ನು ಚಿತ್ರಕ್ಕೆ ಹಾಕುವ ಮೊದಲೇ ಮಾಡಬೇಕು. ಪೋಸ್ಟ್ ಹಾಕಿದ ಮೇಲೆ ಕ್ಯಾಪ್ಶನ್ ತಿದ್ದಬಹುದು. ಚಿತ್ರದೊಳಗಿನ ಅಕ್ಷರ ತಿದ್ದಲು ಆಗುವುದಿಲ್ಲ.

'ನಾನು' ಅಂದರೆ ಯಾರು?

ಇದು ಚಿಕ್ಕ ದೋಷ, ಆದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಸ್ಲೈಡಿನಲ್ಲಿ ನಾನು "ನನ್ನ ಅಜ್ಜಿಯ ಬಳಿ ಮೂರು ಇಳಕಲ್ ಸೀರೆ ಇದ್ದವು" ಅಂತ ಬರೆದಿದ್ದೆ. ಏಳನೆಯದರಲ್ಲಿ ಅಕ್ಕ "ನನ್ನ ಅತ್ತೆ ಮೂರು ಲಾಳಿ ಬಳಸುತ್ತಾರೆ" ಅಂತ ಬರೆದಿದ್ದರು. ಓದುವವರಿಗೆ ಎರಡೂ ಒಬ್ಬರೇ. ನನಗೆ ಇನ್ನೂ ಮದುವೆ ಆಗಿಲ್ಲ, ಆದರೆ ಆ ಕ್ಯಾರೊಸೆಲ್ ಪ್ರಕಾರ ನನಗೆ ಒಬ್ಬ ಅತ್ತೆ ಇದ್ದಾರೆ! ನನ್ನನ್ನು ಬಲ್ಲವರು ಅಲ್ಲೇ ತಡೆದು ನಿಲ್ಲುತ್ತಾರೆ.

ಇದಕ್ಕೆ ನಾವು ಮಾಡಿಕೊಂಡ ನಿಯಮ: ಕೂಡಿ ಬರೆದ ಕ್ಯಾರೊಸೆಲ್‌ನಲ್ಲಿ 'ನಾನು', 'ನನ್ನ' ಬರುವ ಹಾಗಿಲ್ಲ. 'ನಾವು' ಬರಬಹುದು, ಆದರೆ ಇಬ್ಬರಿಗೂ ಸತ್ಯವಾದ ಮಾತಿಗೆ ಮಾತ್ರ. ಒಬ್ಬರದೇ ಅನುಭವ ಇದ್ದರೆ ಹೆಸರಿಟ್ಟೋ ಊರಿಟ್ಟೋ ಹೇಳಬೇಕು. ಏಳನೇ ಸ್ಲೈಡ್ "ಇಳಕಲ್‌ನ ಮನೆಯಲ್ಲಿ ಅತ್ತೆ ಮಗ್ಗಕ್ಕೆ ಕೂತರೆ ಕೈಯಲ್ಲಿ ಮೂರು ಲಾಳಿ" ಅಂತ ಆಯಿತು. ಎರಡು ಬದಿಯ ದಡಿಗೆ ಎರಡು, ಮೈಗೆ ಒಂದು ಅನ್ನುವ ವಿವರ ಅದರ ಹಿಂದೆಯೇ ಬಂತು. ಓದುವವರನ್ನು ಕರೆಯುವುದೂ ಹೀಗೆಯೇ. 'ನೀವು' ಅಂತ ಶುರು ಮಾಡಿದರೆ ಕೊನೆಯ ತನಕ 'ನೀವು'. ನಡುವೆ ಎಲ್ಲೋ 'ನೋಡು', 'ಸೇವ್ ಮಾಡ್ಕೊ' ಬಂದರೆ ಕನ್ನಡದಲ್ಲಿ ಅದು ತಕ್ಷಣ ಕಿವಿಗೆ ತಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಇಲ್ಲ, ನಮಗೆ ಇದೆ.

'ಇದೆ', 'ಐತಿ' ಬಗ್ಗೆಯೂ ತೀರ್ಮಾನ ಬೇಕು. ನಮ್ಮ ಮಾತು 'ಐತಿ'. ಇಡೀ ಕ್ಯಾರೊಸೆಲ್ ಅದರಲ್ಲೇ ಬರೆದರೂ ಚಂದವೇ. ನಾವು ಸ್ಲೈಡಿನ ಬರಹ 'ಇದೆ'ಯಲ್ಲಿ, ಅತ್ತೆಯ ಮಾತು ಮಾತ್ರ 'ಐತಿ'ಯಲ್ಲಿ ಅಂತ ಇಟ್ಟುಕೊಂಡೆವು. ಯಾವುದನ್ನು ಆರಿಸುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಒಂದು ಸ್ಲೈಡಿಗೆ ಒಂದು ಅಂತ ಆಗಬಾರದು, ಅಷ್ಟೇ.

ಎರಡನೇ ದೋಷ: ಹಂಚಿಕೆ

ಪೋಸ್ಟ್ ಹಾಕಿದೆವು. ಚೆನ್ನಾಗಿ ಹೋಯಿತು. ಎರಡು ವಾರದ ಮೇಲೆ ಗುಳೇದಗುಡ್ಡದ ಖಣದ ಬಗ್ಗೆ, ಅಂದರೆ ಅಲ್ಲಿಯ ಕುಪ್ಪಸದ ಬಟ್ಟೆಯ ಬಗ್ಗೆ, ಮುಂದಿನದು ಶುರು ಮಾಡಿದೆವು. ನಾನು ನನ್ನ ಮೊದಲ ಕರಡು ಕಳಿಸಿದೆ. ಅರ್ಧ ನಿಮಿಷದಲ್ಲಿ ಅಕ್ಕನ ಉತ್ತರ ಬಂತು: "ಚೊಲೊ ಐತಿ." ಎರಡನೇ ಕರಡಿಗೂ ಅದೇ. "ನೀನ ನೋಡವಾ, ನಿನಗ ಗೊತ್ತಾಗತೈತಿ."

ಹಿಂದಿನ ಸಲ ಅವರು ನನ್ನ ಐದು ಸ್ಲೈಡಿನಲ್ಲಿ ಹದಿನಾಲ್ಕು ಕಡೆ ತಿದ್ದಿದ್ದರು. ಈ ಸಲ ಒಂದೂ ಇಲ್ಲ. ಹಂಚಿಕೆ ತಪ್ಪಿದಾಗ ಅದು ಜಗಳವಾಗಿ ಬರುವುದಿಲ್ಲ, ಸುಮ್ಮನಿರುವುದಾಗಿ ಬರುತ್ತದೆ. ಅದರಲ್ಲೂ ವಯಸ್ಸಿನಲ್ಲಿ ದೊಡ್ಡವರು, ಅಕ್ಕ ಅಂತ ಕರೆಸಿಕೊಳ್ಳುವವರು, ನನಗೆ ಕೆಲಸ ಜಾಸ್ತಿ ಆಯಿತು ಅಂತ ಬಾಯಿ ಬಿಟ್ಟು ಹೇಳುವುದು ಕಷ್ಟ. ಹಾಗಾಗಿ ತಿದ್ದುವಿಕೆಯ ಸಂಖ್ಯೆಯನ್ನು ನೋಡಿ. ಕಡತದಲ್ಲಿ ಹಳೆಯ ಆವೃತ್ತಿಗಳು ಉಳಿದಿರುತ್ತವೆ, ಯಾರು ಎಲ್ಲಿ ತಿದ್ದಿದರು ಅಂತ ಅಲ್ಲಿ ಕಾಣುತ್ತದೆ. ಒಬ್ಬರು ಇನ್ನೊಬ್ಬರ ಬರಹ ಮುಟ್ಟುವುದನ್ನೇ ನಿಲ್ಲಿಸಿದ್ದರೆ ಎಲ್ಲೋ ಭಾರ ತಪ್ಪಿದೆ ಅಂತ ತಿಳಿಯಿರಿ.

ಕೇಳಿದೆ. ಅವರು ಮೊದಲು "ಏನಿಲ್ಲವಾ" ಅಂದರು. ಆಮೇಲೆ ಇಬ್ಬರೂ ಕುಳಿತು ಇಳಕಲ್ ಸೀರೆಯ ಕ್ಯಾರೊಸೆಲ್‌ಗೆ ಯಾರು ಎಷ್ಟು ಹೊತ್ತು ಕೊಟ್ಟೆವು ಅಂತ ಫೋನಿನ ಸಂದೇಶಗಳನ್ನು ನೋಡಿಕೊಂಡು ಬರೆದೆವು.

ನಾನು ಮೊದಲು ಅಂದುಕೊಂಡದ್ದು ಸ್ಲೈಡುಗಳ ತೂಕ ಸರಿ ಇರಲಿಕ್ಕಿಲ್ಲ ಅಂತ. ಹಗುರ ಸ್ಲೈಡಿಗೆ ಒಂದು, ನಡುವಿನದಕ್ಕೆ ಎರಡು, ಭಾರದ್ದಕ್ಕೆ ಮೂರು ಅಂತ ಅಂಕ ಕೊಟ್ಟೆವು. ನನ್ನ ಐದರಲ್ಲಿ ಮುಖಪುಟದ ಸ್ಲೈಡಿಗೆ ಮೂರು. "ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಕೂಡುವುದು ಎಲ್ಲಿ?" ಅನ್ನುವ ಒಂದು ಸಾಲಿಗೆ ನಾನು ಎರಡು ಸಂಜೆ ಕಳೆದಿದ್ದೆ. ಬಣ್ಣದ ಸ್ಲೈಡಿಗೆ ಒಂದು. ಉಳಿದ ಮೂರಕ್ಕೆ ಎರಡೆರಡು. ಒಟ್ಟು ಹತ್ತು. ಅಕ್ಕನ ಐದರಲ್ಲಿ ಕುಣಿಕೆ, ಮೂರು ಲಾಳಿ, ಕೈಮಗ್ಗದ್ದು ಗುರುತಿಸುವುದು, ಈ ಮೂರಕ್ಕೂ ಮೂರು ಮೂರು. ಸೆರಗಿನ ವಿನ್ಯಾಸಕ್ಕೆ ಎರಡು, ಕೊನೆಯದಕ್ಕೆ ಒಂದು. ಒಟ್ಟು ಹನ್ನೆರಡು.

ಹತ್ತಕ್ಕೆ ಹನ್ನೆರಡು. ವ್ಯತ್ಯಾಸ ಇದೆ, ಆದರೆ ಒಬ್ಬರು ಮಾತು ನಿಲ್ಲಿಸುವಷ್ಟು ಇಲ್ಲ. ಅಂದರೆ ಒಂದು ಸ್ಲೈಡನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿದ್ದರೂ ಏನೂ ಆಗುತ್ತಿರಲಿಲ್ಲ. ದೋಷ ಸ್ಲೈಡುಗಳ ಒಳಗೆ ಇರಲಿಲ್ಲ.

ಗಂಟೆಯ ಲೆಕ್ಕದಲ್ಲಿ ಅದು ಸಿಕ್ಕಿತು. ನಾನು ಬರೆಯಲು ಎರಡು ಗಂಟೆ, ಹತ್ತೂ ಸ್ಲೈಡಿನ ವಿನ್ಯಾಸಕ್ಕೆ ಐದು ಗಂಟೆ, ಒಟ್ಟು ಏಳು ಗಂಟೆ ಕೊಟ್ಟಿದ್ದೆ. ಅಕ್ಕ ಮಗ್ಗದ ಹತ್ತಿರ ಕುಳಿತು ಕೇಳಿ ತಿಳಿಯಲು ಮೂರು, ಬರೆಯಲು ನಾಲ್ಕು, ಫೋಟೊಗೆ ಒಂದೂವರೆ. ಅಲ್ಲಿಗೆ ಎಂಟೂವರೆ. ಇಷ್ಟು ನಮಗೆ ಮೊದಲೇ ಅಂದಾಜಿತ್ತು. ಅಂದಾಜಿಗೆ ಬಾರದ್ದು ಪೋಸ್ಟ್ ಹಾಕಿದ ಮೇಲಿನ ಕೆಲಸ. ಬಂದ ಪ್ರಶ್ನೆಗಳೆಲ್ಲ ಮಗ್ಗದ ಬಗ್ಗೆ. ಈ ಸೀರೆ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಒಂದು ನೇಯುತ್ತಾರೆ, ರೇಷ್ಮೆಯದ್ದೋ ನೂಲಿನದ್ದೋ. ನನಗೆ ಉತ್ತರ ಗೊತ್ತಿಲ್ಲದ್ದಕ್ಕೆ ಎಲ್ಲವನ್ನೂ ಅಕ್ಕನಿಗೆ ಬಿಟ್ಟಿದ್ದೆ. ನಾಲ್ಕು ದಿನ, ಶಾಲೆ ಮುಗಿಸಿ ಬಂದು ಅವರೊಬ್ಬರೇ ಕುಳಿತು ಉತ್ತರ ಬರೆದಿದ್ದಾರೆ. ಮೂರು ಗಂಟೆಗೂ ಜಾಸ್ತಿ. ನನ್ನದು ಏಳು, ಅವರದು ಹನ್ನೊಂದೂವರೆಗೂ ಜಾಸ್ತಿ.

ನಾವು ಸ್ಲೈಡನ್ನು ಎಣಿಸಿದೆವು, ಕೆಲಸವನ್ನು ಎಣಿಸಲಿಲ್ಲ. ನಡುವೆ ಗೆರೆ ಎಳೆದು ಐದೈದು ಅಂದದ್ದರಿಂದಲೇ ದನಿಯೂ ಒಡೆದದ್ದು, ಭಾರವೂ ಕಾಣದೆ ಹೋದದ್ದು. ಗೆರೆಯ ಆ ಕಡೆ ಏನಾಗುತ್ತಿದೆ ಅಂತ ಇಬ್ಬರೂ ನೋಡಿರಲಿಲ್ಲ.

ಒಂದು ಬಿಟ್ಟು ಒಂದು?

ಒಂದು ಸ್ಲೈಡ್ ನಿನ್ನದು, ಮುಂದಿನದು ನನ್ನದು ಅಂತ ಬರೆದರೆ ಹೇಗೆ ಅಂತ ಖಣದ ಕ್ಯಾರೊಸೆಲ್‌ಗೆ ಮೊದಲು ಯೋಚಿಸಿದೆವು, ಮೂರು ಸ್ಲೈಡಿನ ತನಕ ಮಾಡಿಯೂ ನೋಡಿದೆವು. ಐದೈದು ಹಂಚಿದರೆ ಬೆಸುಗೆ ಒಂದೇ ಕಡೆ. ಒಂದು ಬಿಟ್ಟು ಒಂದು ಮಾಡಿದರೆ ಒಂಬತ್ತು ಕಡೆ. ಪ್ರತಿ ಸಲ ಇನ್ನೊಬ್ಬರದು ಓದಿಯೇ ಬರೆಯಬೇಕಾದ್ದರಿಂದ ಒಡಕು ಚಿಕ್ಕದಾಗಿರುತ್ತದೆ, ನಿಜ. ಆದರೆ ಒಬ್ಬರು ಬರೆಯುವ ತನಕ ಇನ್ನೊಬ್ಬರು ಕಾಯಬೇಕು. ಅಕ್ಕನಿಗೆ ರಾತ್ರಿ ಬಿಡುವು, ನನಗೆ ಬೆಳಿಗ್ಗೆ. ಮೂರು ಸ್ಲೈಡಿಗೆ ಮೂರು ದಿನ ಹೋಯಿತು. ಒಂದೇ ಕಡೆ ಕೂತು ಬರೆಯುವವರಿಗೆ ಇದು ಸರಿ ಹೋಗಬಹುದು. ಬೇರೆ ಊರಲ್ಲಿದ್ದವರಿಗೆ ಬೇಡ.

ಈಗ ಹೇಗೆ ಮಾಡುತ್ತೇವೆ

ಮೊದಲು ಫೋನಿನಲ್ಲಿ ಮಾತಾಡಿ ಪ್ರತಿ ಸ್ಲೈಡಿಗೆ ಒಂದು ಸಾಲು ಬರೆದುಕೊಳ್ಳುತ್ತೇವೆ. ಹತ್ತು ಸ್ಲೈಡಿಗೆ ಹತ್ತು ಸಾಲು. ಆಮೇಲೆ ಧ್ವನಿ ಸಂದೇಶ, ಅದನ್ನು ಇನ್ನೊಬ್ಬರು ಬರೆಯುವುದು. ಒಂದು ಸ್ಲೈಡಿಗೆ ಇಪ್ಪತ್ತೈದು ಪದ ದಾಟಬಾರದು ಅಂತ ಮಿತಿ ಇಟ್ಟಿದ್ದೇವೆ. ಇಬ್ಬರಿಗೂ ಮಿತಿ ಒಂದೇ ಇದ್ದರೆ ವಾಕ್ಯದ ಉದ್ದ ತಾನಾಗಿಯೇ ಹತ್ತಿರ ಬರುತ್ತದೆ.

ಎಲ್ಲ ಬರೆದಾದ ಮೇಲೆ 'ಕೊನೆಯ ಕೈ'. ಒಬ್ಬರೇ ಒಂದೇ ಸಲ ಕುಳಿತು ಹತ್ತೂ ಸ್ಲೈಡನ್ನು ಜೋರಾಗಿ ಓದಿ ತಿದ್ದುತ್ತಾರೆ. ಆ ಹೊತ್ತಿಗೆ ಅವರ ಮಾತೇ ಕೊನೆ. ಇನ್ನೊಬ್ಬರು ತಿರುಗಿ ತಿದ್ದುವ ಹಾಗಿಲ್ಲ, ಮಾಹಿತಿ ತಪ್ಪಾಗಿದ್ದರೆ ಮಾತ್ರ ಹೇಳಬಹುದು. ದನಿ ಒಂದಾಗುವುದು ಇಲ್ಲಿಯೇ ಅಂತ ನನ್ನ ಅನುಭವ. ಆದರೆ ಯಾವಾಗಲೂ ಒಬ್ಬರದೇ ಕೊನೆಯ ಕೈ ಆದರೆ ಕ್ರಮೇಣ ಅದು ಅವರೊಬ್ಬರ ಕ್ಯಾರೊಸೆಲ್ ಆಗಿಬಿಡುತ್ತದೆ. ಹಾಗಾಗಿ ಒಂದು ಸಲ ನಾನು, ಮುಂದಿನ ಸಲ ಅಕ್ಕ. ಖಣದ್ದು ಅವರ ಸರದಿ. ನನ್ನ ಪ್ರಶ್ನೆಗಳಲ್ಲಿ ನಾಲ್ಕನ್ನು ಕಿತ್ತು ಹಾಕಿದರು. ಓದಿದಾಗ ಅವರು ಮಾಡಿದ್ದೇ ಸರಿ ಅನ್ನಿಸಿತು.

ಪೋಸ್ಟ್ ಹಾಕುವುದನ್ನೂ ಹೀಗೆಯೇ ಸರದಿಯಲ್ಲಿ ಇಟ್ಟಿದ್ದೇವೆ. ಒಬ್ಬರು ಹಾಕಿ ಇನ್ನೊಬ್ಬರನ್ನು ಸಹಭಾಗಿಯಾಗಿ ಸೇರಿಸಿದರೆ ಎರಡೂ ಪುಟದಲ್ಲಿ ಕಾಣುತ್ತದೆ. ಆದರೆ ಪೋಸ್ಟಿನ ಒಡೆತನ ಹಾಕಿದವರದೇ. ಅವರು ಅಳಿಸಿದರೆ ಇಬ್ಬರ ಪುಟದಿಂದಲೂ ಹೋಗುತ್ತದೆ. ಹಾಕಿದವರು ಮೊದಲ ಎರಡು ದಿನದ ಕಾಮೆಂಟುಗಳನ್ನು ನೋಡಿಕೊಳ್ಳಬೇಕು. ಮಗ್ಗದ ಪ್ರಶ್ನೆ ಬಂದರೆ ಅಕ್ಕ ಧ್ವನಿ ಸಂದೇಶ ಕಳಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ಖಣದ ಕ್ಯಾರೊಸೆಲ್ ಮುಗಿದಾಗ ಲೆಕ್ಕ ಹಾಕಿದೆವು. ನನ್ನದು ಒಂಬತ್ತೂವರೆ ಗಂಟೆ, ಅಕ್ಕನದು ಎಂಟೂವರೆ.

ಎಲ್ಲ ಕ್ಯಾರೊಸೆಲ್‌ಗೂ ಒಂದೇ ದನಿ ಬೇಕೇ ಬೇಕು ಅಂತಿಲ್ಲ. ಇಬ್ಬರ ಮಾತುಕತೆಯ ರೂಪದಲ್ಲಿ ಮಾಡುವುದಾದರೆ, ಅಂದರೆ ಒಬ್ಬರು ಕೇಳಿ ಒಬ್ಬರು ಹೇಳುವ ಹಾಗೆ, ಎರಡು ದನಿ ಬೇರೆ ಬೇರೆಯಾಗಿಯೇ ಇರಲಿ. ಆಗ ಪ್ರತಿ ಸ್ಲೈಡಿನಲ್ಲೂ ಯಾರು ಮಾತಾಡುತ್ತಿದ್ದಾರೆ ಅಂತ ಬಣ್ಣದಿಂದಲೋ ಹೆಸರಿನಿಂದಲೋ ತೋರಿಸಿ. ಚೀಟಿ ಪರೀಕ್ಷೆಯಲ್ಲಿ ಅಂಥದ್ದಕ್ಕೆ ಹತ್ತಕ್ಕೆ ಹತ್ತು ಬರಬೇಕು.

ಮತ್ತೆ ವೈನಿಯ ಮುಂದೆ

ಖಣದ ಹತ್ತು ಚೀಟಿ ತಂದು ವೈನಿಯ ಮುಂದೆ ಹರಡಿದೆ. ಈ ಸಲ ಅವರಿಗೆ ಹೊತ್ತು ಹಿಡಿಯಿತು. ಚೀಟಿ ಎತ್ತಿ, ಓದಿ, ಒಂದು ಗುಂಪಿನಿಂದ ಇನ್ನೊಂದಕ್ಕೆ ಇಟ್ಟು, ಮತ್ತೆ ತೆಗೆದರು. ಧ್ವನಿ ಸಂದೇಶ ಯಾರದೋ ಅವರದೇ ಸ್ಲೈಡ್ ಅಂತ ಹಿಡಿದರೆ ಐದು ಸರಿ, ಐದು ತಪ್ಪು. ಅಕ್ಕನ ಮಾತಿನಿಂದ ಬಂದ ಎರಡು ಸ್ಲೈಡನ್ನು ನನ್ನ ಕಡೆ ಹಾಕಿದ್ದರು.

ಒಂದು ಚೀಟಿಯನ್ನು ಮಾತ್ರ ನೋಡಿದ ಕೂಡಲೇ ಅಕ್ಕನ ಗುಂಪಿಗೆ ಇಟ್ಟರು. "ಹೆಂಗ ಗೊತ್ತಾತು ವೈನಿ?" ಅಂದೆ. ಬೆರಳಿಟ್ಟು ತೋರಿಸಿದರು. ಒಂಬತ್ತನೇ ಸ್ಲೈಡಿನ ಮೂರನೇ ವಾಕ್ಯದಲ್ಲಿ 'ಹಾಗೂ' ಅಂತ ಇತ್ತು. "ಇದನ್ನ ಮಾತಾಡೋವಾಗ ಯಾರ ಅಂತಾರ?" ಅಂದರು. ಆ ಸ್ಲೈಡನ್ನು ಟೈಪ್ ಮಾಡಿದವಳು ನಾನೇ. ಅದನ್ನು 'ಮತ್ತೆ' ಅಂತ ತಿದ್ದಿ ಸಂಜೆ ಪೋಸ್ಟ್ ಹಾಕಿದೆವು.